ಕಾಕತಾಳೀಯವನ್ನು ಕಳೆದ ಮೇಲೆ ಉಳಿಯುವುದು

ಒಂದೇ ವಸ್ತುವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಒಂದೇ ತೀರ್ಪು ಕೊಟ್ಟರೆ ಅದಕ್ಕೆ ಎರಡು ಕಾರಣಗಳಿರಬಹುದು. ಇಬ್ಬರಿಗೂ ಆ ವಸ್ತು ಸರಿಯಾಗಿ ಗೊತ್ತಿರಬಹುದು. ಇಲ್ಲವೇ ಇಬ್ಬರೂ ಒಂದೇ ಉತ್ತರವನ್ನು ಹೆಚ್ಚು ಸಲ ಹೇಳುವವರಾಗಿದ್ದು, ಉತ್ತರಗಳು ತಾವಾಗಿಯೇ ಕೂಡಿಬಂದಿರಬಹುದು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದ ಹಾಗೆ. ನೂರಕ್ಕೆ ಇಷ್ಟು ಉತ್ತರ ಹೊಂದಿಕೆಯಾಯಿತು ಎಂಬ ಲೆಕ್ಕದಲ್ಲಿ ಈ ಎರಡೂ ಬೆರೆತಿರುತ್ತವೆ. ಎರಡನೆಯದನ್ನು ಅಂದಾಜು ಮಾಡಿ, ಅದನ್ನು ಕಳೆದು, ಉಳಿದದ್ದನ್ನು ಅಳೆಯುವ ಸಂಖ್ಯೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಪ್ಪಾ. ಗ್ರೀಕ್ ಅಕ್ಷರ κ ಅದರ ಗುರುತು.

ಈ ಲೆಕ್ಕ ಏಕೆ ಬೇಕಾಯಿತು ಎಂಬುದನ್ನು ಅಮೆರಿಕದ ಸುಂಟರಗಾಳಿಗಳು ಚೆನ್ನಾಗಿ ತೋರಿಸುತ್ತವೆ. ಅಲ್ಲಿ ಆಗ ಹವಾಮಾನದ ಕೆಲಸ ಸೇನೆಯ ಸಿಗ್ನಲ್ ಕೋರ್‌ನ ಪಾಲಿನದು. ಆ ದಳದ ಜಾನ್ ಪಾರ್ಕ್ ಫಿನ್ಲಿ 1884ರಲ್ಲಿ ಸುಂಟರಗಾಳಿಯ ಮುನ್ಸೂಚನೆಯನ್ನು ಪ್ರಯೋಗವಾಗಿ ಕೈಗೆತ್ತಿಕೊಂಡರು. ರಾಕಿ ಪರ್ವತಗಳ ಪೂರ್ವದ ನಾಡನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೂ ಸುಂಟರಗಾಳಿ ಬರುತ್ತದೆ ಅಥವಾ ಬರುವುದಿಲ್ಲ ಎಂದು ಮೊದಲೇ ಬರೆದಿಟ್ಟರು. ಹೀಗೆ ಸೇರಿದ ಮುನ್ಸೂಚನೆಗಳು 2,803. ಬರುತ್ತದೆ ಎಂದು ಅವರು ಹೇಳಿದ್ದು 100 ಸಲ; ಅದರಲ್ಲಿ 28 ಸಲ ಬಂದಿತು, 72 ಸಲ ಬರಲಿಲ್ಲ. ಬರುವುದಿಲ್ಲ ಎಂದ 2,703ರಲ್ಲಿ 23 ಸಲ ಬಂದೇಬಿಟ್ಟಿತು, 2,680 ಸಲ ಬರಲಿಲ್ಲ. ಸರಿಹೋದವು ಒಟ್ಟು 2,708. ನೂರಕ್ಕೆ 96.6.

ಈ ಅಂಕಿಯ ಬುಡ ಅಲುಗಾಡಿಸಲು ಟೀಕಾಕಾರರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಕಾಶವನ್ನು ನೋಡದೆ, ಕೋಣೆಯಲ್ಲಿ ಕುಳಿತು 2,803 ಸಲವೂ ‘ಬರುವುದಿಲ್ಲ’ ಎಂದು ಬರೆದುಬಿಟ್ಟಿದ್ದರೆ 2,752 ಸಲ ಸರಿಯಾಗುತ್ತಿತ್ತು. ಅದು ನೂರಕ್ಕೆ 98.2. ಏನೂ ಮಾಡದವನು ಫಿನ್ಲಿಯವರನ್ನು ಮೀರಿಸುತ್ತಾನೆ! ಸುಂಟರಗಾಳಿ ಅಪರೂಪದ್ದು, ದತ್ತಾಂಶ ಹೀಗೆ ಒಂದೇ ಕಡೆಗೆ ವಾಲಿದಾಗ, ವಾಲಿದ ಕಡೆಯ ಉತ್ತರವನ್ನೇ ಹೇಳುತ್ತ ಹೋದವನಿಗೆ ಅಂಕ ಬಿಟ್ಟಿಯಾಗಿ ಸಿಗುತ್ತದೆ.

ಹಾಗಾದರೆ ಫಿನ್ಲಿಯವರಿಗೆ ಬಿಟ್ಟಿಯಾಗಿ ಸಿಕ್ಕಿದ್ದೆಷ್ಟು, ದುಡಿದು ಗಳಿಸಿದ್ದೆಷ್ಟು? ಅವರು ‘ಬರುತ್ತದೆ’ ಎಂಬ 100 ಚೀಟಿಗಳನ್ನೂ ‘ಬರುವುದಿಲ್ಲ’ ಎಂಬ 2,703 ಚೀಟಿಗಳನ್ನೂ ಒಂದು ಡಬ್ಬಿಗೆ ಹಾಕಿ ಕುಲುಕಿ, ಕಣ್ಣುಮುಚ್ಚಿ ಹಂಚಿದರು ಎಂದುಕೊಂಡರೆ ಲೆಕ್ಕ ಸಿಗುತ್ತದೆ. ಸುಂಟರಗಾಳಿ ಬಂದದ್ದು 2,803ರಲ್ಲಿ 51 ಸಲ. ಆದ್ದರಿಂದ 100 ‘ಬರುತ್ತದೆ’ ಚೀಟಿಗಳಲ್ಲಿ ಸರಾಸರಿ 1.8 ಮಾತ್ರ ಕಾಕತಾಳೀಯವಾಗಿ ಸರಿಹೋಗುತ್ತಿದ್ದವು. ‘ಬರುವುದಿಲ್ಲ’ ಚೀಟಿಗಳಲ್ಲಾದರೋ 2,653.8 ಸರಿಹೋಗುತ್ತಿದ್ದವು. ಎರಡೂ ಸೇರಿ 2,655.6. ನಿಜವಾಗಿ ಸರಿಹೋದದ್ದು 2,708. ಅಂದರೆ ಅವರ ಸ್ವಂತ ಗಳಿಕೆ 52.4. ಒಂದೂ ತಪ್ಪದೆ ಎಲ್ಲವನ್ನೂ ಸರಿಯಾಗಿ ಹೇಳಿದ್ದರೆ ಗಳಿಕೆ 2,803ರಿಂದ 2,655.6 ಕಳೆದಷ್ಟು, ಅಂದರೆ 147.4 ಆಗುತ್ತಿತ್ತು. ಗಳಿಸಬಹುದಾಗಿದ್ದ 147.4ರಲ್ಲಿ ಗಳಿಸಿದ್ದು 52.4, ಭಾಗಿಸಿದರೆ ಸುಮಾರು 0.36. ಇದೇ ಕಪ್ಪಾ. ಸೂತ್ರದಲ್ಲಿ ಬರೆದರೆ ಇಷ್ಟೇ:

κ = (Po − Pe) / (1 − Pe)

ಇಲ್ಲಿ Po ಎಂದರೆ ಕಂಡ ಹೊಂದಿಕೆಯ ಪಾಲು, Pe ಎಂದರೆ ಕಾಕತಾಳೀಯವಾಗಿ ಸಿಗಬಹುದಾದ ಪಾಲು. ಪೂರ್ತಿ ಹೊಂದಿದರೆ ಕಪ್ಪಾ 1. ಚೀಟಿ ಎತ್ತಿದಷ್ಟೇ ಹೊಂದಿದರೆ 0. ಅದಕ್ಕಿಂತ ಕೆಟ್ಟಿದ್ದರೆ ಸೊನ್ನೆಗಿಂತ ಕೆಳಗೆ. ಸದಾ ‘ಬರುವುದಿಲ್ಲ’ ಎನ್ನುವ ಸೋಮಾರಿಗೆ ಈ ಲೆಕ್ಕದಲ್ಲಿ ಸಿಗುವುದು ಸರಿಯಾಗಿ ಸೊನ್ನೆ. ಅವನ 98.2 ಅಷ್ಟೂ ಕಾಕತಾಳೀಯದ ಕಡೆಗೆ ಜಮೆಯಾಗುತ್ತದೆ. ಫಿನ್ಲಿಯವರ 0.36 ದೊಡ್ಡದಲ್ಲ, ಆದರೆ ಸೊನ್ನೆಯೂ ಅಲ್ಲ. ಆಕಾಶ ನೋಡಿದ್ದು ವ್ಯರ್ಥವಾಗಿರಲಿಲ್ಲ.

ಹವಾಮಾನದವರಲ್ಲಿ ಈ ಸಂಖ್ಯೆಗೆ ಹೈಡ್ಕೆ ಅಂಕ ಎಂದು ಹೆಸರು. ಪೌಲ್ ಹೈಡ್ಕೆ ಅದನ್ನು 1926ರಲ್ಲಿ ಪ್ರಕಟಿಸಿದ್ದರು. ಮನಶ್ಶಾಸ್ತ್ರದ ಕಡೆಯಿಂದ ಬಂದ ಜೇಕಬ್ ಕೋಹೆನ್ 1960ರಲ್ಲಿ ಇದೇ ಸೂತ್ರಕ್ಕೆ ಕಪ್ಪಾ ಎಂದು ಹೆಸರಿಟ್ಟರು. ಅವರ ಮುಂದಿದ್ದದ್ದು ಬೇರೆಯೇ ಪ್ರಶ್ನೆ: ಒಬ್ಬನೇ ರೋಗಿಯನ್ನು ನೋಡಿದ ಇಬ್ಬರು ತಜ್ಞರು ಎಷ್ಟರಮಟ್ಟಿಗೆ ಒಂದೇ ಮಾತು ಹೇಳುತ್ತಾರೆ? ಅಲ್ಲಿ ಸುಂಟರಗಾಳಿಯ ಹಾಗೆ ಬಂತು, ಬರಲಿಲ್ಲ ಎಂದು ಕೊನೆಗೆ ತೀರ್ಮಾನಿಸುವ ಸತ್ಯವಿಲ್ಲ. ಇರುವುದು ಎರಡು ಅಭಿಪ್ರಾಯಗಳು ಮಾತ್ರ. ಸೂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಎರಡು ಪಟ್ಟಿಗಳನ್ನು ಕೊಟ್ಟರೆ ಹೋಲಿಸುತ್ತದೆ. ಒಂದೇ ಸಂಖ್ಯೆ ಎರಡು ಕೆಲಸಕ್ಕೆ ಒದಗಿದ್ದು ಹೀಗೆ. ಮನುಷ್ಯರು ಹಾಕಿದ ಗುರುತುಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂದು ಅಳೆಯಲು ಒಂದು. ಆ ಗುರುತುಗಳಿಂದ ಕಲಿತ ಕಂಪ್ಯೂಟರ್ ಪ್ರೋಗ್ರಾಂ ಎಷ್ಟು ಸರಿ ಎಂದು ಅಳೆಯಲು ಇನ್ನೊಂದು.

ಮೊದಲ ಕೆಲಸಕ್ಕೆ ಒಂದು ಕಲ್ಪಿತ ಉದಾಹರಣೆ ಸಾಕು. ಕನ್ನಡ ವಿಡಿಯೊಗಳ ಕೆಳಗೆ ಬಿದ್ದ 1,000 ಕಾಮೆಂಟುಗಳನ್ನು ಇಬ್ಬರಿಗೆ ಕೊಟ್ಟು, ನಿಂದನೆ ಯಾವುದು, ಅಲ್ಲದ್ದು ಯಾವುದು ಎಂದು ಗುರುತು ಹಾಕಿಸಲಾಗಿದೆ ಎನ್ನೋಣ. ಒಬ್ಬೊಬ್ಬರೂ 40 ಕಾಮೆಂಟುಗಳನ್ನು ನಿಂದನೆ ಎಂದಿದ್ದಾರೆ. ಆದರೆ ಇಬ್ಬರೂ ಸೇರಿ ನಿಂದನೆ ಎಂದದ್ದು 20 ಮಾತ್ರ. ಉಳಿದ ಇಪ್ಪತ್ತಿಪ್ಪತ್ತು ಒಬ್ಬೊಬ್ಬರ ಪಾಲಿನವು. ಮಿಕ್ಕ 940ಕ್ಕೆ ಇಬ್ಬರದೂ ‘ಅಲ್ಲ’. ಹೊಂದಿಕೆ 1,000ಕ್ಕೆ 960, ಅಂದರೆ ನೂರಕ್ಕೆ 96. ವರದಿಯಲ್ಲಿ ಇಷ್ಟನ್ನೇ ಬರೆದರೆ ಯಾರೂ ತಕರಾರು ಎತ್ತುವುದಿಲ್ಲ. ಡಬ್ಬಿ ಕುಲುಕುವ ಲೆಕ್ಕ ಹಾಕಿದರೆ ಮಾತ್ರ ಬೇರೆ ಚಿತ್ರ ಕಾಣುತ್ತದೆ. ಕಾಕತಾಳೀಯವಾಗಿ ಇಬ್ಬರೂ ‘ನಿಂದನೆ’ ಎನ್ನುವುದು 1.6 ಕಾಮೆಂಟಿಗೆ, ಇಬ್ಬರೂ ‘ಅಲ್ಲ’ ಎನ್ನುವುದು 921.6ಕ್ಕೆ. ಒಟ್ಟು 923.2. ಮೀರಿ ಗಳಿಸಿದ್ದು 36.8, ಗಳಿಸಬಹುದಾಗಿದ್ದದ್ದು 76.8. ಕಪ್ಪಾ 0.48.

ತೊಂಬತ್ತಾರು ಎಲ್ಲಿ, ನಲವತ್ತೆಂಟು ಎಲ್ಲಿ? ಇದನ್ನು ಕಪ್ಪಾದ ವಿರೋಧಾಭಾಸ ಎಂದು ಕರೆಯುವ ರೂಢಿ ಇದೆ. ಆಲ್ವನ್ ಫೈನ್‌ಸ್ಟೀನ್ ಮತ್ತು ಡೊಮೆನಿಕ್ ಸಿಚೆಟ್ಟಿ 1990ರಲ್ಲಿ ಈ ಬಗ್ಗೆ ಬರೆದ ಮೇಲೆ ಹೆಸರು ಗಟ್ಟಿಯಾಯಿತು. ಆದರೆ ಮೇಲಿನ ಉದಾಹರಣೆಯಲ್ಲಿ ವಿರೋಧಾಭಾಸ ಅಷ್ಟಾಗಿ ಇಲ್ಲ. ಹುಡುಕಹೊರಟದ್ದು ನಿಂದನೆಯನ್ನು. ಒಬ್ಬರು ನಿಂದನೆ ಎಂದ 40ರಲ್ಲಿ ಅರ್ಧವನ್ನು ಇನ್ನೊಬ್ಬರು ಒಪ್ಪಿಲ್ಲ. ‘ಸೂಪರ್ ಸರ್’, ‘ಎರಡನೇ ಭಾಗ ಯಾವಾಗ?’ ಎಂಬಂಥ 940 ಕಾಮೆಂಟುಗಳು ನಿಂದನೆಯಲ್ಲ ಎಂದು ಹೇಳುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. 96ಕ್ಕಿಂತ 0.48 ಈ ಕೆಲಸದ ಸ್ಥಿತಿಗೆ ಹತ್ತಿರ.

ನಿಜವಾದ ತೊಡಕು ಬೇರೆ ಕಡೆ ಇದೆ. ಗುರುತು ಹಾಕುವವರ ಕಣ್ಣು ಒಂದಿಷ್ಟೂ ಬದಲಾಗದೆ, ಮುಂದಿನ ರಾಶಿ ಮಾತ್ರ ಬದಲಾದರೂ ಕಪ್ಪಾ ಬದಲಾಗುತ್ತದೆ. ಇಬ್ಬರೂ ಒಂದೇ ಮಟ್ಟದವರು ಎಂದುಕೊಳ್ಳಬಹುದು: ನಿಜವಾದ ನಿಂದನೆ ನೂರಿದ್ದರೆ 90ನ್ನು ಹಿಡಿಯುತ್ತಾರೆ, ನಿಂದನೆಯಲ್ಲದ ನೂರಿದ್ದರೆ 2ನ್ನು ತಪ್ಪಾಗಿ ನಿಂದನೆ ಎನ್ನುತ್ತಾರೆ, ಒಬ್ಬರ ತಪ್ಪಿಗೂ ಇನ್ನೊಬ್ಬರ ತಪ್ಪಿಗೂ ಸಂಬಂಧವಿಲ್ಲ. ಅರ್ಧಕ್ಕರ್ಧ ನಿಂದನೆ ತುಂಬಿದ ರಾಶಿ ಕೊಟ್ಟರೆ ಅವರ ಹೊಂದಿಕೆ ನೂರಕ್ಕೆ 89, ಕಪ್ಪಾ 0.78. ನೂರಕ್ಕೆ ಎರಡೇ ನಿಂದನೆ ಇರುವ ರಾಶಿ ಕೊಟ್ಟರೆ ಹೊಂದಿಕೆ ಸುಮಾರು 96ಕ್ಕೆ ಏರುತ್ತದೆ, ಕಪ್ಪಾ 0.42ಕ್ಕೆ ಇಳಿಯುತ್ತದೆ. ಒಂದು ಮೇಲೆ, ಇನ್ನೊಂದು ಕೆಳಗೆ!

ಕಾರಣ ಬೆರಳೆಣಿಕೆಯ ಲೆಕ್ಕದಲ್ಲೇ ಸಿಗುತ್ತದೆ. ಎರಡನೆಯ ರಾಶಿಯ 1,000 ಕಾಮೆಂಟುಗಳಲ್ಲಿ ನಿಂದನೆ 20. ಅದರಲ್ಲಿ ಒಬ್ಬೊಬ್ಬರೂ 18ನ್ನು ಹಿಡಿಯುತ್ತಾರೆ. ಉಳಿದ 980ರಲ್ಲಿ ನೂರಕ್ಕೆ ಎರಡರಂತೆ ಸುಮಾರು 20ನ್ನು ತಪ್ಪಾಗಿ ಹಿಡಿಯುತ್ತಾರೆ. ಹೀಗೆ ಒಬ್ಬೊಬ್ಬರ ‘ನಿಂದನೆ’ ಪಟ್ಟಿಯಲ್ಲೂ ಅರ್ಧಕ್ಕಿಂತ ಹೆಚ್ಚು ಜೊಳ್ಳು. ಆ ಜೊಳ್ಳು ಇನ್ನೊಬ್ಬರ ಜೊಳ್ಳಿನ ಜೊತೆ ಹೊಂದುವುದಿಲ್ಲ. ಅರ್ಧ ರಾಶಿ ನಿಂದನೆಯಿದ್ದಾಗಲೂ ನೂರಕ್ಕೆ ಎರಡರ ತಪ್ಪು ಇತ್ತು, ಆದರೆ ದೊಡ್ಡ ಪಟ್ಟಿಯೊಳಗೆ ಅದು ಕಾಣದೆ ಹೋಗಿತ್ತು. ಹೀಗಾಗಿ ಕಪ್ಪಾ ಎಂಬುದು ಗುರುತು ಹಾಕುವವರ ಗುಣವನ್ನು ಮಾತ್ರ ಹೇಳುವ ಸಂಖ್ಯೆಯಲ್ಲ; ಅವರೂ ಅವರ ಮುಂದಿನ ರಾಶಿಯೂ ಸೇರಿ ಹುಟ್ಟುವ ಸಂಖ್ಯೆ. ಬೇರೆ ಬೇರೆ ರಾಶಿಗಳ ಮೇಲೆ ದುಡಿದ ಎರಡು ತಂಡಗಳ ಕಪ್ಪಾಗಳನ್ನು ಪಕ್ಕಪಕ್ಕ ಇಟ್ಟು, ಈ ತಂಡ ಮೇಲು ಎನ್ನುವುದು ನಿಲ್ಲುವ ಮಾತಲ್ಲ.

ಈ ಇಳಿತವನ್ನು ಸರಿಪಡಿಸುವ ಪ್ರಯತ್ನಗಳಲ್ಲಿ ಒಂದು 1993ರಲ್ಲಿ ಬಂತು. ರಾಶಿ ಹೇಗೇ ಇರಲಿ, ಕಾಕತಾಳೀಯದ ಪಾಲು ಅರ್ಧವೆಂದೇ ಹಿಡಿಯುವುದು ಅದರ ದಾರಿ. ಪ್ಯಾಬ್ಯಾಕ್ ಎಂದು ಅದರ ಹೆಸರು. ಆಗ ಲೆಕ್ಕ 2Po − 1 ಎಂದಾಗುತ್ತದೆ, ನಮ್ಮ 0.48 ಒಮ್ಮೆಲೇ 0.92ಕ್ಕೆ ನೆಗೆಯುತ್ತದೆ. ಒಂದು ಕಾಮೆಂಟಿನ ಗುರುತೂ ಬದಲಾಗಿಲ್ಲ! ಸೂತ್ರವನ್ನು ನೋಡಿದರೆ ಗುಟ್ಟು ತಿಳಿಯುತ್ತದೆ: ಅದು ಹಳೆಯ ನೂರಕ್ಕೆ ಇಷ್ಟು ಎಂಬ ಲೆಕ್ಕವೇ, ಹೊಸ ಅಂಗಿ ತೊಟ್ಟು ಬಂದದ್ದು. ಕಪ್ಪಾ ಯಾಕೆ ತಗ್ಗಿತು ಎಂದು ತಿಳಿಯಲು ಪಕ್ಕದಲ್ಲಿ ಇಟ್ಟುಕೊಂಡರೆ ಉಪಯೋಗವಿದೆ. ಕಪ್ಪಾದ ಬದಲಿಗೆ ಇದೊಂದನ್ನೇ ವರದಿಯಲ್ಲಿ ಬರೆದರೆ ಅದು ಮುಚ್ಚಿಡುವ ಕೆಲಸವಾಗುತ್ತದೆ.

ಅದಕ್ಕಿಂತ ಸರಳವೂ ಪ್ರಾಮಾಣಿಕವೂ ಆದ ದಾರಿ, ಹೊಂದಿಕೆಯನ್ನು ಎರಡಾಗಿ ಒಡೆದು ಹೇಳುವುದು. ನಮ್ಮ ಉದಾಹರಣೆಯಲ್ಲಿ ‘ನಿಂದನೆ’ಯ ಕಡೆಯ ಹೊಂದಿಕೆ ನೂರಕ್ಕೆ 50, ‘ಅಲ್ಲ’ದ ಕಡೆಯದು ಸುಮಾರು 98. ಇದರ ಜೊತೆಗೆ 20, 20, 20, 940 ಎಂಬ ನಾಲ್ಕು ಅಂಕಿಗಳನ್ನೇ ಬರೆದುಬಿಟ್ಟರೆ ಓದುವವರು ಬೇಕಾದ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತಾರೆ.

0.48 ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆಗೆ ಎಲ್ಲರೂ ತಡಕುವುದು ಲ್ಯಾಂಡಿಸ್ ಮತ್ತು ಕೋಕ್ 1977ರಲ್ಲಿ ಕೊಟ್ಟ ಪಟ್ಟಿಯನ್ನು. 0.41ರಿಂದ 0.60ರವರೆಗೆ ಮಧ್ಯಮ, 0.61ರಿಂದ 0.80ರವರೆಗೆ ಗಟ್ಟಿ, ಅದರಾಚೆ ಬಹುತೇಕ ಪೂರ್ಣ. ಈ ಗೆರೆಗಳನ್ನು ತಾವು ಮನಸ್ಸಿಗೆ ಬಂದಂತೆ ಎಳೆದದ್ದೆಂದು ಅವರೇ ಒಪ್ಪಿಕೊಂಡಿದ್ದರು. ಪಟ್ಟಿ ಉಳಿಯಿತು, ಒಪ್ಪಿಗೆ ಮರೆಯಾಯಿತು. ಇನ್ನೊಂದು ಸಂಗತಿಯನ್ನೂ ಪಟ್ಟಿ ಹೇಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಕಾಮೆಂಟು 1,000 ಇದ್ದರೂ, ಕಪ್ಪಾವನ್ನು ಎತ್ತಿಹಿಡಿದಿರುವುದು ಯಾರಾದರೂ ನಿಂದನೆ ಎಂದ 60 ಕಾಮೆಂಟುಗಳು ಮಾತ್ರ. ಅಷ್ಟು ಕಡಿಮೆ ಸರಕಿನಿಂದ ಬಂದ ಸಂಖ್ಯೆ ತೂಗಾಡುತ್ತದೆ. ಸಾಮಾನ್ಯ ಸೂತ್ರದಿಂದ ಅಂದಾಜಿಸಿದರೆ, ನೂರಕ್ಕೆ 95ರ ಭರವಸೆಯ ವ್ಯಾಪ್ತಿ 0.32ರಿಂದ 0.64ರವರೆಗೆ ಚಾಚುತ್ತದೆ. ಅಂದರೆ ಮಧ್ಯಮಕ್ಕಿಂತ ಕೆಳಗಿನ ದರ್ಜೆಯಿಂದ ಗಟ್ಟಿಯ ದರ್ಜೆಯವರೆಗೆ ಮೂರು ಮನೆಗಳನ್ನು ಅದು ಮುಟ್ಟುತ್ತದೆ.

ಗುರುತು ಹಾಕಿಸುವವರಿಗೆ ಕಪ್ಪಾದಿಂದ ಆಗುವ ದೊಡ್ಡ ಉಪಕಾರ ದರ್ಜೆಯಲ್ಲ, ಎಲ್ಲಿ ಹುಡುಕಬೇಕು ಎಂಬ ಸುಳಿವು. ಇಬ್ಬರೂ ಬೇರೆಯಾದ 40 ಕಾಮೆಂಟುಗಳನ್ನು ಹೊರಗೆ ತೆಗೆದು ಓದಬೇಕು. ಅಲ್ಲಿ ‘ನಿನ್ನಜ್ಜಿ, ಏನ್ ಆಕ್ಟಿಂಗ್ ಗುರು!’ ಎಂಬಂಥದ್ದು ಸಿಗುತ್ತದೆ. ಒಬ್ಬರು ‘ನಿನ್ನಜ್ಜಿ’ಯನ್ನು ಕಂಡ ಕೂಡಲೆ ನಿಂದನೆ ಎಂದಿದ್ದಾರೆ, ಇನ್ನೊಬ್ಬರು ಪೂರ್ತಿ ಓದಿ ಇದು ಮೆಚ್ಚುಗೆ ಎಂದು ಬಿಟ್ಟಿದ್ದಾರೆ. ಇಲ್ಲಿ ಇಬ್ಬರಲ್ಲೂ ತಪ್ಪಿಲ್ಲ. ಪದವನ್ನು ನೋಡಬೇಕೋ ಉದ್ದೇಶವನ್ನು ನೋಡಬೇಕೋ ಎಂದು ಅವರ ಕೈಗೆ ಕೊಟ್ಟ ಸೂಚನೆಯಲ್ಲಿ ಬರೆದಿಲ್ಲ. ಆ ಒಂದು ಸಾಲು ಸೇರಿಸಿ ಹೊಸ ರಾಶಿಯ ಮೇಲೆ ಮತ್ತೆ ಅಳೆದರೆ ಕಪ್ಪಾ ಏರುವುದುಂಟು. ಬೇರೆಯಾದ 40 ಹೇಗೆ ಹಂಚಿಕೊಂಡಿವೆ ಎಂಬುದೂ ಮಾತಾಡುತ್ತದೆ. ಇಪ್ಪತ್ತಿಪ್ಪತ್ತಾದರೆ ಗೊಂದಲ ಇಬ್ಬರದೂ. 35ಕ್ಕೆ 5 ಎಂದಿದ್ದರೆ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ.

ಕಪ್ಪಾಕ್ಕೆ ಎಂದೂ ಕಾಣದ ಒಂದು ತಪ್ಪಿದೆ: ಇಬ್ಬರೂ ಸೇರಿ ಮಾಡುವ ತಪ್ಪು. ಹುಬ್ಬಳ್ಳಿ ಕಡೆಯ ಗೆಳೆಯರು ‘ಏನಲೇ ಮಗನ’ ಎಂದರೆ ಅದು ಸಲುಗೆ. ಗುರುತು ಹಾಕುವ ಇಬ್ಬರೂ ಆ ಮಾತಿನ ಬಳಕೆ ತಿಳಿಯದ ಹಳೆ ಮೈಸೂರಿನವರಾದರೆ, ಇಬ್ಬರೂ ಅದನ್ನು ಒಂದೇ ಸಮ ನಿಂದನೆ ಎನ್ನುತ್ತಾರೆ. ಕಪ್ಪಾ ಏರುತ್ತದೆ, ತಪ್ಪು ದತ್ತಾಂಶದೊಳಗೆ ಕೂತುಬಿಡುತ್ತದೆ. ಹೊಂದಿಕೆ ಸತ್ಯಕ್ಕೆ ಸಾಕ್ಷಿಯಲ್ಲ. ಹೊಂದಿಕೆ ಇಲ್ಲದಿರುವುದು ಮಾತ್ರ ಎಲ್ಲೋ ತೊಂದರೆಯಿದೆ ಎನ್ನುವುದಕ್ಕೆ ಸಾಕ್ಷಿ.

ಮೂವರು ನಾಲ್ವರು ಗುರುತು ಹಾಕಿದರೆ ಜೋಸೆಫ್ ಫ್ಲೈಸ್ 1971ರಲ್ಲಿ ಕೊಟ್ಟ ರೂಪವಿದೆ. ಸೌಮ್ಯ, ಕಟು, ಅತಿ ಕಟು ಎಂದು ಮೆಟ್ಟಿಲುಗಳಿದ್ದರೆ, ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಕಡಿಮೆ ದಂಡ, ಎರಡಕ್ಕೆ ಹೆಚ್ಚು ದಂಡ ಹಾಕುವ ರೂಪವನ್ನು ಕೋಹೆನ್ ಅವರೇ 1968ರಲ್ಲಿ ಕೊಟ್ಟರು. ಎಲ್ಲರೂ ಎಲ್ಲವನ್ನೂ ನೋಡಿರದಿದ್ದರೆ ಕ್ರಿಪೆಂಡಾರ್ಫ್ ಅವರ ಆಲ್ಫಾ ಒದಗುತ್ತದೆ. ಹೆಸರು ಬೇರೆಯಾದರೂ ಇವೆಲ್ಲದರ ಒಳಗೂ ಅದೇ ಕಳೆಯುವ ಲೆಕ್ಕವಿದೆ.

ಇನ್ನು ಪ್ರೋಗ್ರಾಂ ಅಳೆಯುವ ಕೆಲಸ. ನಿಂದನೆ ಹಿಡಿಯಲು ಕಲಿತ ಪ್ರೋಗ್ರಾಂ ಒಂದು, ಗುರುತು ಹಾಕಿದ ಒಬ್ಬರ ಪಟ್ಟಿಯ ಜೊತೆ ಕಪ್ಪಾ 0.80 ಪಡೆಯಿತು ಎನ್ನೋಣ. ಅದೇ ರಾಶಿಯ ಮೇಲೆ ಇಬ್ಬರು ಮನುಷ್ಯರ ನಡುವೆ ಇದ್ದದ್ದು 0.48. ಪ್ರೋಗ್ರಾಂ ಮನುಷ್ಯರನ್ನು ಮೀರಿಸಿತು ಎಂದು ಹಿಗ್ಗುವ ಮುಂಚೆ, ಅದು ನಿಂದನೆಯನ್ನು ಕಲಿತಿದೆಯೋ ಆ ಒಬ್ಬರ ಅಭ್ಯಾಸವನ್ನು ಕಲಿತಿದೆಯೋ ಎಂದು ಕೇಳಬೇಕು. ಎರಡನೆಯವರ ಪಟ್ಟಿಯ ಜೊತೆ ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ.

ಫಿನ್ಲಿಯವರ ಕಾಲದಲ್ಲೇ ಇನ್ನೊಂದು ಬಗೆಯ ಅಳತೆಯೂ ಹುಟ್ಟಿತ್ತು. ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಅದನ್ನು 1884ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬಂದ ಸುಂಟರಗಾಳಿಗಳಲ್ಲಿ ಎಷ್ಟು ಪಾಲನ್ನು ಮೊದಲೇ ಹೇಳಿದರು ಎಂಬುದರಿಂದ, ಬಾರದ ಸಲಗಳಲ್ಲಿ ಎಷ್ಟು ಪಾಲಿಗೆ ಸುಳ್ಳು ಎಚ್ಚರಿಕೆ ಕೊಟ್ಟರು ಎಂಬುದನ್ನು ಕಳೆಯುವುದು. 51ರಲ್ಲಿ 28 ಎಂದರೆ 0.55, 2,752ರಲ್ಲಿ 72 ಎಂದರೆ 0.03ಕ್ಕಿಂತ ಕಡಿಮೆ. ಕಳೆದರೆ 0.52. ಸೋಮಾರಿಗೆ ಇಲ್ಲಿಯೂ ಸೊನ್ನೆಯೇ. ಆದರೆ ಫಿನ್ಲಿಯವರಿಗೆ ಕಪ್ಪಾದ 0.36ಕ್ಕಿಂತ ಹೆಚ್ಚು ಅಂಕ. ಪರ್ಸ್ ಅಂಕ ರಾಶಿ ವಾಲಿದರೂ ಕದಲುವುದಿಲ್ಲ. ಅಳೆಯುವವನ ಕಣ್ಣನ್ನು ಮಾತ್ರ ನೋಡುತ್ತದೆ.

ಹಾಗಾದರೆ ಕಪ್ಪಾವನ್ನು ಬಿಟ್ಟು ಅದನ್ನೇ ಹಿಡಿಯಬಹುದಲ್ಲ ಎಂದರೆ, ಹಿಂದಿನ ಇಬ್ಬರ ಕಣ್ಣನ್ನೇ ಪ್ರೋಗ್ರಾಂಗೆ ಕೊಟ್ಟು ನೋಡಬಹುದು: ನಿಂದನೆ ನೂರರಲ್ಲಿ 90 ಹಿಡಿಯುತ್ತದೆ, ಉಳಿದ ನೂರರಲ್ಲಿ 2 ತಪ್ಪುತ್ತದೆ. ಈ ಸಲ ಹೋಲಿಕೆ ನಿಜವಾದ ಉತ್ತರದ ಜೊತೆ. ಪರೀಕ್ಷೆಗೆಂದು ಅರ್ಧ ನಿಂದನೆ ತುಂಬಿ ಕಟ್ಟಿದ ರಾಶಿಯ ಮೇಲೆ ಪರ್ಸ್ ಅಂಕ 0.88, ಕಪ್ಪಾವೂ 0.88. ಅದೇ ಪ್ರೋಗ್ರಾಂ ನೂರಕ್ಕೆ ಎರಡೇ ನಿಂದನೆ ಬರುವ ನಿಜವಾದ ಹರಿವಿಗೆ ಇಳಿದಾಗ ಪರ್ಸ್ ಅಂಕ 0.88ರಲ್ಲೇ ನಿಲ್ಲುತ್ತದೆ, ಕಪ್ಪಾ ಸುಮಾರು 0.61ಕ್ಕೆ ಬೀಳುತ್ತದೆ. ಎರಡೂ ಸುಳ್ಳಲ್ಲ. ಪ್ರೋಗ್ರಾಂ ಕೆಟ್ಟಿಲ್ಲ ಎಂದು ಒಂದು ಹೇಳುತ್ತಿದೆ, ಅದು ಕೊಡುವ ಪಟ್ಟಿ ಕೆಟ್ಟಿದೆ ಎಂದು ಇನ್ನೊಂದು ಹೇಳುತ್ತಿದೆ. ದಿನಕ್ಕೆ 10,000 ಕಾಮೆಂಟು ಬಂದರೆ ಪರಿಶೀಲನೆಗೆ ಕೂತವರ ಮುಂದೆ 376 ಕಾಮೆಂಟುಗಳು ಬಂದು ಬೀಳುತ್ತವೆ. ಅದರಲ್ಲಿ ನಿಂದನೆ 180. ಉಳಿದ 196, ಯಾರೋ ಸುಮ್ಮನೆ ಬರೆದ ಮಾತುಗಳು.